ಖರೀದಿ ಕರಾರಿನ ಸರಳ ಸಾರಾಂಶ: ಬ್ಯಾಡಗಿ ಮೆಣಸಿನಕಾಯಿ ಮಾರಾಟದ ಒಂದು ಮಾದರಿ

ರೈತರ ಸಹಕಾರ ಸಂಘವು ದೊಡ್ಡ ಖರೀದಿದಾರರೊಂದಿಗೆ ಮಾಡಿಕೊಳ್ಳುವ ಕರಾರಿನಲ್ಲಿ ಷರತ್ತುಗಳು ವಕೀಲರ ರೂಢಿಯಂತೆ ಬರುತ್ತವೆ. ಮೊದಲು ವ್ಯಾಖ್ಯೆಗಳು, ಆಮೇಲೆ ಉಭಯರ ಬಾಧ್ಯತೆಗಳು. ದರ ಒಂದು ಅನುಬಂಧದಲ್ಲಿ, ತೂಕದ ಕಡಿತ ಇನ್ನೊಂದರಲ್ಲಿ, ಮಾಲು ತಿರಸ್ಕರಿಸುವ ಹಕ್ಕು ಇವೆರಡರಿಂದ ದೂರದಲ್ಲಿ. ಸದಸ್ಯರಿಗಾಗಿ ಬರೆಯುವ ಕನ್ನಡ ಸಾರಾಂಶ ಈ ಕ್ರಮವನ್ನು ಕೈಬಿಟ್ಟು, ಚೀಲ ಕಣದಿಂದ ಹೊರಟು ಹಣ ಖಾತೆಗೆ ಸೇರುವವರೆಗಿನ ದಾರಿಯನ್ನು ಅನುಸರಿಸಬೇಕಾಗುತ್ತದೆ. ಪ್ರತಿ ಷರತ್ತನ್ನೂ ಲೆಕ್ಕವಾಗಿ ಬಿಡಿಸಿ ತೋರಿಸದ ಸಾರಾಂಶ, ಎಷ್ಟೇ ಸರಳ ಭಾಷೆಯಲ್ಲಿದ್ದರೂ, ಮೂಲ ಕರಾರಿನಷ್ಟೇ ಅಪಾರದರ್ಶಕವಾಗಿ ಉಳಿಯುತ್ತದೆ.

ಇಲ್ಲಿ ಪರಿಶೀಲಿಸುವ ಮಾದರಿ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಕಚೇರಿ ಇರುವ ಒಂದು ಸಂಘದ್ದು ಎಂದು ಭಾವಿಸಲಾಗಿದೆ. ಸದಸ್ಯರು ಕುಂದಗೋಳ, ನವಲಗುಂದ ಮತ್ತು ಅಣ್ಣಿಗೇರಿ ಭಾಗದವರು. ಮಾಲು 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿ. ಖರೀದಿದಾರರು ಮೆಣಸಿನಕಾಯಿಯಿಂದ ಬಣ್ಣದ ಸಾರ, ಅಂದರೆ ಓಲಿಯೋರೆಸಿನ್, ತೆಗೆಯುವ ಕಾರ್ಖಾನೆಯವರು. ದರ ಮತ್ತು ಕಡಿತದ ಅಂಕಿಗಳನ್ನು ವಿವರಣೆಗಾಗಿ ಆಯ್ದುಕೊಳ್ಳಲಾಗಿದೆ.

ಸಾರಾಂಶದ ಮೊದಲ ಸಾಲಿನಲ್ಲೇ ಸ್ಪಷ್ಟವಾಗಬೇಕಾದದ್ದು ಕರಾರು ಯಾರ ನಡುವೆ ಎಂಬುದು. ಸಹಿ ಹಾಕುವುದು ಸಂಘ. ಆದ್ದರಿಂದ ಕಾರ್ಖಾನೆಗೆ ಉತ್ತರ ಹೇಳಬೇಕಾದದ್ದೂ ಸಂಘವೇ, ಬಿಡಿ ಸದಸ್ಯರಲ್ಲ. ಸದಸ್ಯರು ಮಾಲು ಕೊಡದೆ ಬೇರೆಡೆ ಮಾರಿದರೆ ಅದು ಸದಸ್ಯರು ಮತ್ತು ಸಂಘದ ನಡುವಿನ ವ್ಯವಹಾರವಾಗುತ್ತದೆ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದು ರೈತರ ಆಕ್ರೋಶ ಹಿಂಸೆಗೆ ತಿರುಗಿದ ಮೇಲೆ, ಮೊದಲೇ ನಿಗದಿಯಾದ ದರ ಯಾರಿಗಾದರೂ ಆಕರ್ಷಕವಾಗಿ ಕಾಣುವುದು ಸಹಜ. ಆದರೆ ನಿಗದಿತ ದರ ಎರಡೂ ಕಡೆಯವರನ್ನು ಕಟ್ಟಿಹಾಕುತ್ತದೆ. ಪೇಟೆ ಏರಿದ ವರ್ಷವೂ ಅದೇ ದರಕ್ಕೆ ಮಾಲು ಹಾಕಬೇಕೆಂಬುದನ್ನು ದರ ಬರೆದ ಸಾಲಿನ ಪಕ್ಕದಲ್ಲೇ ಬರೆಯದಿದ್ದರೆ, ಆ ವರ್ಷ ಸಂಘವೇ ಕರಾರು ಮುರಿದಂತಾಗುವ ಸಂಭವವಿದೆ.

ದರ ಕ್ವಿಂಟಲಿಗೆ 30,000 ರೂಪಾಯಿ ಎಂದಿಟ್ಟುಕೊಳ್ಳಬಹುದು. ಆದರೆ ಕೈಗೆ ಬರುವ ಹಣವನ್ನು ನಿರ್ಧರಿಸುವುದು ತೇವಾಂಶದ ಷರತ್ತು. ಕರಾರು ಹೀಗಿದೆ: ತೇವಾಂಶ ಶೇ 11ರವರೆಗೆ ಕಡಿತವಿಲ್ಲ, ಅದಕ್ಕಿಂತ ಹೆಚ್ಚಾದ ಪ್ರತಿ ಶೇ 1ಕ್ಕೆ ತೂಕದಲ್ಲಿ ಶೇ 1.5 ಕಡಿತ, ಶೇ 14 ದಾಟಿದರೆ ತಿರಸ್ಕಾರ. ಓದಲು ಇದು ನಿರುಪದ್ರವಿಯಂತೆ ಕಾಣುತ್ತದೆ. 40 ಕ್ವಿಂಟಲ್ ಮಾಲು ಶೇ 13 ತೇವಾಂಶದಲ್ಲಿ ಕಾರ್ಖಾನೆ ತಲುಪಿತು ಎನ್ನೋಣ. ಹೆಚ್ಚುವರಿ ಶೇ 2ಕ್ಕೆ ಶೇ 3 ಕಡಿತ, ಅಂದರೆ 1.2 ಕ್ವಿಂಟಲ್. ಉಳಿದ 38.8 ಕ್ವಿಂಟಲಿಗೆ ಸಿಗುವುದು 11,64,000 ರೂಪಾಯಿ.

ಈ ಕಡಿತ ನ್ಯಾಯವೇ ಎಂಬುದನ್ನು ಒಣ ಅಂಶದ ಲೆಕ್ಕದಿಂದ ತಿಳಿಯಬಹುದು. ಶೇ 13 ನೀರಿರುವ 40 ಕ್ವಿಂಟಲಿನಲ್ಲಿ ಒಣ ಕಾಯಿಯ ಅಂಶ 34.8 ಕ್ವಿಂಟಲ್. ಅದೇ ಕಾಯಿಯನ್ನು ಶೇ 11ಕ್ಕೆ ಒಣಗಿಸಿದರೆ ತೂಕ 34.8ನ್ನು 0.89ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 39.1 ಕ್ವಿಂಟಲ್. ನಿಜವಾಗಿ ಕಡಿಮೆಯಾಗುವ ನೀರು 0.9 ಕ್ವಿಂಟಲ್ ಮಾತ್ರ. ಕರಾರು ಕಳೆಯುವುದು 1.2. ಈ ಒಂದೇ ಲೋಡಿನಲ್ಲಿ ವ್ಯತ್ಯಾಸ ಸುಮಾರು 9,000 ರೂಪಾಯಿ. ಮತ್ತೆ ಒಣಗಿಸುವ ಖರ್ಚು ತಮ್ಮ ಮೇಲೆ ಬೀಳುತ್ತದೆಂದು ಖರೀದಿದಾರರು ವಾದಿಸಬಹುದು, ಆ ವಾದದಲ್ಲಿ ಹುರುಳೂ ಇದೆ. ಆದರೆ ನೀರಿಗೆ ಎಷ್ಟು, ಒಣಗಿಸುವ ಖರ್ಚಿಗೆ ಎಷ್ಟು ಎಂದು ಬೇರೆ ಮಾಡಿ ನೋಡಿದಾಗಲೇ ಸಂಘ ಚೌಕಾಸಿಗೆ ಕೂರಬಹುದು. ಸಹಿಗೆ ಮುನ್ನ ಸಾರಾಂಶ ಸಿದ್ಧವಾಗಬೇಕೆನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ತೇವಾಂಶಕ್ಕಿಂತ ಸೂಕ್ಷ್ಮವಾದದ್ದು ಬಣ್ಣದ ಅಳತೆ. ಓಲಿಯೋರೆಸಿನ್ ಕಾರ್ಖಾನೆಗೆ ಬ್ಯಾಡಗಿ ಕಾಯಿಯ ಬೆಲೆ ಇರುವುದೇ ಅದರ ಬಣ್ಣದಲ್ಲಿ. ಖಾರ ಅಲ್ಲಿ ಗೌಣ. ಬಣ್ಣವನ್ನು ಪ್ರಯೋಗಾಲಯದಲ್ಲಿ ಆಸ್ಟಾ ಮಾನದಲ್ಲಿ ಅಳೆಯುತ್ತಾರೆ. ಕಾಯಿ ಬೆಳಕು, ಶಾಖಗಳಿಗೆ ತೆರೆದುಕೊಂಡು ದಿನ ಕಳೆದಂತೆ ಬಣ್ಣ ಇಳಿಯುತ್ತದೆ. ಬೆಳೆಗಾರರು ಕೋಲ್ಡ್ ಸ್ಟೋರೇಜಿಗೆ ಬಾಡಿಗೆ ಕೊಡುವುದೂ ಇದೇ ಕಾರಣಕ್ಕೆ. ಹೀಗಾಗಿ ಮಾಲು ಇಳಿಸಿಕೊಂಡು ವಾರಗಟ್ಟಲೆ ಗೋದಾಮಿನಲ್ಲಿಟ್ಟು ಆಮೇಲೆ ಪರೀಕ್ಷಿಸಿದರೆ, ಖರೀದಿದಾರರ ಗೋದಾಮಿನಲ್ಲಾದ ನಷ್ಟ ರೈತರ ಲೆಕ್ಕಕ್ಕೆ ಬೀಳುತ್ತದೆ. ಸ್ಯಾಂಪಲ್ ಯಾವಾಗ, ಎಷ್ಟು ಚೀಲಗಳಿಂದ, ಯಾರ ಎದುರಿಗೆ ತೆಗೆಯಬೇಕು ಎಂಬುದನ್ನು ಕರಾರು ಹೇಳದಿದ್ದರೆ, ಹೇಳಿಲ್ಲವೆಂದೇ ಸಾರಾಂಶ ಬರೆಯಬೇಕು. ವ್ಯವಹಾರದಲ್ಲಿ ನಿಲ್ಲುವ ಕ್ರಮವೆಂದರೆ ಲೋಡಿಂಗ್ ಸಮಯದಲ್ಲೇ ಇಬ್ಬರ ಎದುರಿಗೆ ತೆಗೆದ ಸ್ಯಾಂಪಲನ್ನು ಮೂರು ಭಾಗ ಮಾಡಿ, ಸಹಿಯೊಂದಿಗೆ ಸೀಲು ಹಾಕಿ, ಒಂದನ್ನು ಕಾರ್ಖಾನೆಗೆ, ಒಂದನ್ನು ಸಂಘಕ್ಕೆ ಕೊಟ್ಟು, ಮೂರನೆಯದನ್ನು ತಕರಾರು ಬಂದರೆ ಬೇರೆ ಪ್ರಯೋಗಾಲಯಕ್ಕೆಂದು ತೆಗೆದಿಡುವುದು.

ತಿರಸ್ಕಾರದ ಬಗ್ಗೆ ಕರಾರು ಮೌನವಾಗಿದ್ದಲ್ಲಿ 1930ರ ಸರಕು ಮಾರಾಟ ಕಾಯ್ದೆ ನೆರವಿಗೆ ಬರುತ್ತದೆ. ಮಾಲನ್ನು ಪರೀಕ್ಷಿಸಲು ಖರೀದಿದಾರರಿಗೆ ಸಮಂಜಸ ಅವಕಾಶ ಸಿಗಬೇಕೆಂದು 41ನೇ ಕಲಂ ಹೇಳುತ್ತದೆ. ತಿರಸ್ಕರಿಸಿದ್ದೇವೆಂದು ತಿಳಿಸದೆ ಸಮಂಜಸ ಅವಧಿ ಮೀರಿ ಇಟ್ಟುಕೊಂಡರೆ ಮಾಲನ್ನು ಒಪ್ಪಿಕೊಂಡಂತೆ ಎಂದು 42ನೇ ಕಲಂ. ಸಮಂಜಸ ಅವಧಿ ಎಷ್ಟೆಂಬುದೇ ಜಗಳದ ಮೂಲವಾದ್ದರಿಂದ ಕರಾರಿನಲ್ಲಿ ಅದನ್ನು ಗಂಟೆಗಳಲ್ಲಿ ನಮೂದಿಸುವುದು ಲೇಸು. ತಿರಸ್ಕೃತ ಮಾಲಿನ ವಾಪಸಾತಿ ಬಾಡಿಗೆ ಯಾರದು ಎಂಬ ಪ್ರಶ್ನೆಯೂ ಇದೇ ಜಾಗದಲ್ಲಿ ಬರಬೇಕು.

ಪ್ರಮಾಣದ ಷರತ್ತಿನಲ್ಲಿ ಹೆಚ್ಚಿನ ಎಚ್ಚರ ಬೇಕು. ಸಂಘ 500 ಕ್ವಿಂಟಲ್ ಕೊಡಲೇಬೇಕು, ಕಾರ್ಖಾನೆ ಅಗತ್ಯವಿದ್ದಷ್ಟು ಕೊಳ್ಳಬಹುದು ಎಂದಿದ್ದರೆ ಬಾಧ್ಯತೆ ಒಂದೇ ಕಡೆಗಿದೆ. ಸಾರಾಂಶ ಅದನ್ನು ಮುಚ್ಚಿಡುವಂತಿಲ್ಲ. ಮಳೆ ಕೈಕೊಟ್ಟರೆ ಏನಾಗುತ್ತದೆ ಎಂಬುದು, ಮಾಲು ಎಲ್ಲಿಯದೆಂದು ಕರಾರು ಹೇಳಿದೆ ಎಂಬುದನ್ನು ಅವಲಂಬಿಸಿದೆ. 1876ರಲ್ಲಿ ಇಂಗ್ಲೆಂಡಿನ ಹೋವೆಲ್ ವಿರುದ್ಧ ಕೂಪ್ಲೆಂಡ್ ಪ್ರಕರಣದಲ್ಲಿ, ನಿರ್ದಿಷ್ಟ ಜಮೀನಿನ 200 ಟನ್ ಆಲೂಗಡ್ಡೆ ಮಾರಲು ಒಪ್ಪಿದ್ದ ರೈತನ ಬೆಳೆ ರೋಗಕ್ಕೆ ತುತ್ತಾಯಿತು. ಕೊರತೆಗೆ ಆತ ಪರಿಹಾರ ಕೊಡಬೇಕಿಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತು. ಜಮೀನು ನಿರ್ದಿಷ್ಟವಾಗಿರದಿದ್ದರೆ ಪೇಟೆಯಲ್ಲಿ ಕೊಂಡಾದರೂ ಪೂರೈಸಬೇಕೆಂಬ ವಾದಕ್ಕೆ ಎಡೆಯಿರುತ್ತಿತ್ತು. ಆದ್ದರಿಂದ “500 ಕ್ವಿಂಟಲ್ ಮೆಣಸಿನಕಾಯಿ” ಎಂಬುದಕ್ಕೂ “ಅನುಬಂಧದಲ್ಲಿನ ಸರ್ವೆ ನಂಬರುಗಳಲ್ಲಿ ಸದಸ್ಯರು ಬೆಳೆದ 500 ಕ್ವಿಂಟಲ್” ಎಂಬುದಕ್ಕೂ ಬರಗಾಲದ ವರ್ಷ ಭಾರಿ ಅಂತರವಿದೆ. ಕೊರತೆಯಾದ ಕ್ವಿಂಟಲಿಗೆ ಇಂತಿಷ್ಟು ದಂಡವೆಂದು ಬರೆದಿದ್ದರೂ, 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಅದು ಗರಿಷ್ಠ ಮಿತಿ. ನ್ಯಾಯಾಲಯ ಕೊಡಿಸುವುದು ಅದರೊಳಗಿನ ಸಮಂಜಸ ಪರಿಹಾರವನ್ನಷ್ಟೇ.

ಹಣ ಪಾವತಿಯ ದಿನಗಳನ್ನು ಎಲ್ಲಿಂದ ಎಣಿಸಬೇಕೆಂಬುದು ಮುಂದಿನ ವಿಷಯ. ತೂಕದ ಚೀಟಿಯ ದಿನದಿಂದ 15 ದಿನ ಎಂದರೆ ತಾರೀಖು ಗೊತ್ತಾಗುತ್ತದೆ. ಗುಣಮಟ್ಟ ಒಪ್ಪಿದ ದಿನದಿಂದ ಎಂದರೆ ಗಡಿಯಾರ ಖರೀದಿದಾರರ ಕೈಯಲ್ಲಿರುತ್ತದೆ.

ವ್ಯಾಜ್ಯದ ಜಾಗ ಕೊನೆಯದು. ಸಂಘ ಮತ್ತು ಸದಸ್ಯರ ನಡುವಿನ ತಕರಾರು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ಸಹಕಾರ ಇಲಾಖೆಯ ನಿಬಂಧಕರ ಮುಂದೆ ಹೋಗುತ್ತದೆ. ಹೊರಗಿನ ಖರೀದಿದಾರರೊಂದಿಗಿನ ತಕರಾರಿಗೆ ಕರಾರಿನ ಮಧ್ಯಸ್ಥಿಕೆ ಷರತ್ತೇ ದಾರಿ. ಅಲ್ಲಿ ಏಕೈಕ ಮಧ್ಯಸ್ಥಗಾರರನ್ನು ಖರೀದಿದಾರರೇ ನೇಮಿಸುತ್ತಾರೆಂದಿದ್ದರೆ, ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಕೊಟ್ಟ ತೀರ್ಪಿನ ಆಧಾರದಲ್ಲಿ ಅದನ್ನು ಪ್ರಶ್ನಿಸಬಹುದು. ಕಾರ್ಖಾನೆ ಬೇರೆ ರಾಜ್ಯದಲ್ಲಿದ್ದು ಮಧ್ಯಸ್ಥಿಕೆಯ ಸ್ಥಳವೂ ಅಲ್ಲೇ ಆದರೆ, 9,000 ರೂಪಾಯಿಯ ಕಡಿತಕ್ಕಾಗಿ ಹುಬ್ಬಳ್ಳಿಯಿಂದ ಯಾರೂ ಹೋಗಲಾರರು. ಸ್ಥಳವನ್ನು ಹುಬ್ಬಳ್ಳಿ ಅಥವಾ ಧಾರವಾಡಕ್ಕೆ ತಿದ್ದಿಸಿಕೊಳ್ಳುವ ಅವಕಾಶ ಸಹಿಗೆ ಮುಂಚೆ ಮಾತ್ರ ಇರುತ್ತದೆ. ಸಾರಾಂಶಕ್ಕೂ ಮೂಲಕ್ಕೂ ಭೇದ ಕಂಡಲ್ಲಿ ಮೂಲವೇ ಊರ್ಜಿತ ಎಂಬ ಸಾಲನ್ನೂ, ಪ್ರತಿ ವಿವರಣೆಯ ಎದುರು ಮೂಲ ಷರತ್ತಿನ ಸಂಖ್ಯೆಯನ್ನೂ ಬರೆದಿಟ್ಟರೆ, ಸದಸ್ಯರು ಯಾವ ಸಾಲನ್ನಾದರೂ ಮೂಲದೊಂದಿಗೆ ತಾಳೆ ನೋಡಬಹುದು.