ಅಣಕು ನ್ಯಾಯಾಲಯದಲ್ಲಿ ವಕೀಲರ ಪರಿಚಯ

ಅಣಕು ನ್ಯಾಯಾಲಯದಲ್ಲಿ ವಾದ ಮಂಡಿಸುವ ವಿದ್ಯಾರ್ಥಿಯು ತಾನು ಯಾವ ಪಕ್ಷದ ಪರ ಹಾಜರಾಗಿದ್ದಾನೆ, ಯಾವ ಅಂಶವನ್ನು ವಾದಿಸುತ್ತಾನೆ, ಎಷ್ಟು ಸಮಯ ತೆಗೆದುಕೊಳ್ಳುತ್ತಾನೆ ಎಂಬುದನ್ನು ವಾದಕ್ಕೆ ಮುಂಚೆ ನ್ಯಾಯಪೀಠಕ್ಕೆ ನಿವೇದಿಸುವ ಕ್ರಮವನ್ನು ವಕೀಲರ ಪರಿಚಯ ಎನ್ನಲಾಗುತ್ತದೆ. ಸಾಮಾನ್ಯವಾಗಿ ಇದು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ನಿಜವಾದ ನ್ಯಾಯಾಲಯದಲ್ಲಿ ವಕೀಲರ ಹೆಸರು ವಕಾಲತ್ತುನಾಮೆಯ ಮೂಲಕ ಮೊದಲೇ ಕಡತದಲ್ಲಿರುವುದರಿಂದ ಅಲ್ಲಿ ಇಷ್ಟು ವಿವರ ಬೇಕಾಗುವುದಿಲ್ಲ.

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ಪ್ರತಿ ವಿದ್ಯಾರ್ಥಿಗೆ ವರ್ಷದಲ್ಲಿ ಮೂರು ಅಣಕು ನ್ಯಾಯಾಲಯಗಳನ್ನು ಸೂಚಿಸುತ್ತವೆ. ಒಂದೊಂದಕ್ಕೆ 10 ಅಂಕ. ಅದರಲ್ಲಿ 5 ಲಿಖಿತ ನಿವೇದನೆಗೆ, 5 ಮೌಖಿಕ ವಾದಕ್ಕೆ.

== ಸಂಬೋಧನೆ ==

ಪರಿಷತ್ತು 2006ರಲ್ಲಿ ಸೇರಿಸಿದ ನಿಯಮದಂತೆ, ಅಧೀನ ನ್ಯಾಯಾಲಯಗಳಲ್ಲಿ ನ್ಯಾಯಾಧೀಶರನ್ನು ‘ಸರ್’ ಎಂದಾಗಲಿ ಪ್ರಾದೇಶಿಕ ಭಾಷೆಯ ಸಮಾನ ಪದದಿಂದಾಗಲಿ ಕರೆಯಬಹುದು. ಕನ್ನಡದಲ್ಲಿ ‘ಸ್ವಾಮಿ’, ‘ಮಾನ್ಯ ನ್ಯಾಯಾಧೀಶರೇ’, ‘ಘನ ನ್ಯಾಯಾಲಯ’ ಎಂಬ ರೂಪಗಳು ಬಳಕೆಯಲ್ಲಿವೆ. ಪೀಠದಲ್ಲಿ ಒಬ್ಬರಿರಲಿ ಮೂವರಿರಲಿ ‘ಘನ ನ್ಯಾಯಾಲಯ’ ಎಂಬುದು ತಪ್ಪಾಗದು. ಆಂಧ್ರದ ಗಡಿಗೆ ಹೊಂದಿಕೊಂಡ ಮುಳಬಾಗಿಲು, ಶ್ರೀನಿವಾಸಪುರ ಅಥವಾ ತಮಿಳುನಾಡಿನ ಗಡಿಯ ಮಾಲೂರಿನಿಂದ ಬರುವ ಹಲವು ವಿದ್ಯಾರ್ಥಿಗಳಿಗೆ ಮನೆಮಾತು ತೆಲುಗು ಅಥವಾ ತಮಿಳು. ನ್ಯಾಯಾಲಯದ ಈ ಕನ್ನಡ ಅವರಿಗೆ ಮಾತ್ರವಲ್ಲ, ಕನ್ನಡವೇ ಮನೆಮಾತಾದವರಿಗೂ ಹೊಸದಾಗಿ ಕಲಿಯಬೇಕಾದದ್ದೇ.

== ಒಂದು ಮಾದರಿ ==

ಅಭ್ಯಾಸಕ್ಕೆ ಕಲ್ಪಿಸಿದ ಪ್ರಕರಣವೊಂದನ್ನು ನೋಡಬಹುದು. ಶ್ರೀನಿವಾಸಪುರದ ಬೆಳೆಗಾರನೊಬ್ಬನು ಮರದ ಮೇಲಿನ ಮಾವಿನ ಫಸಲನ್ನು ಮುಳಬಾಗಿಲಿನ ವ್ಯಾಪಾರಿಗೆ ಮಾರಲು ಒಪ್ಪಿ 2 ಲಕ್ಷ ರೂಪಾಯಿ ಮುಂಗಡ ಪಡೆದನು. ವ್ಯಾಪಾರಿಯು ತೋಟದ ಕಾವಲನ್ನು ವಹಿಸಿಕೊಂಡು ಒಂದು ಸುತ್ತು ಕಾಯಿ ಕೀಳಿಸಿದ ಮೇಲೆ ಆಲಿಕಲ್ಲು ಮಳೆಗೆ ಉಳಿದ ಫಸಲು ನಾಶವಾಯಿತು. ವ್ಯಾಪಾರಿ ಹೂಡಿದ ದಾವೆಯಲ್ಲಿ ಪೂರ್ತಿ ಮುಂಗಡವನ್ನು ಹಿಂದಿರುಗಿಸಲು ಆದೇಶವಾಗಿದೆ. ಬೆಳೆಗಾರನು ಕೋಲಾರದ ಜಿಲ್ಲಾ ನ್ಯಾಯಾಲಯದಲ್ಲಿ ಮೇಲ್ಮನವಿ ಸಲ್ಲಿಸಿದ್ದಾನೆಂದು ಇಟ್ಟುಕೊಳ್ಳಲಾಗಿದೆ.

ಮೊದಲ ವಕೀಲರ ಪರಿಚಯ ಹೀಗಿರಬಹುದು:

“ಘನ ನ್ಯಾಯಾಲಯಕ್ಕೆ ವಂದನೆಗಳು. ವಾದಪೀಠಕ್ಕೆ ಬರಲು ಅನುಮತಿ ಕೋರುತ್ತೇನೆ.” ಪೀಠ ಸಮ್ಮತಿಸಿದ ಮೇಲೆ: “ಮೇಲ್ಮನವಿದಾರರ ಪರ ಮೊದಲ ವಕೀಲನಾಗಿ ಹಾಜರಾಗಿದ್ದೇನೆ. ಬೆಳೆನಷ್ಟದ ಹೊಣೆ ವ್ಯಾಪಾರಿಯದೇ ಎಂಬ ಅಂಶವನ್ನು ಹತ್ತು ನಿಮಿಷಗಳಲ್ಲಿ ನಿವೇದಿಸುತ್ತೇನೆ. ಪರ್ಯಾಯವಾಗಿ, ಕಿತ್ತ ಕಾಯಿಯ ಬೆಲೆ ಕಳೆದು ಉಳಿದ ಮುಂಗಡವನ್ನಷ್ಟೇ ಹಿಂದಿರುಗಿಸಬೇಕೆಂಬ ಅಂಶವನ್ನು ನನ್ನ ಸಹವಕೀಲರು ಎಂಟು ನಿಮಿಷಗಳಲ್ಲಿ ಮಂಡಿಸುವರು. ಪ್ರತ್ಯುತ್ತರಕ್ಕೆ ಎರಡು ನಿಮಿಷ ಕಾಯ್ದಿರಿಸಬೇಕೆಂದು ಪ್ರಾರ್ಥಿಸುತ್ತೇನೆ. ಪ್ರಕರಣದ ಸಂಗತಿಗಳನ್ನು ಹೇಳಬೇಕೇ, ನೇರವಾಗಿ ವಾದಾಂಶಕ್ಕೆ ಹೋಗಬಹುದೇ ಎಂದು ಅಪ್ಪಣೆಯಾಗಬೇಕು.”

ಎರಡನೆಯ ವಕೀಲರು ಪಕ್ಷವನ್ನೂ ತಮ್ಮ ಅಂಶವನ್ನೂ ಒಂದೇ ವಾಕ್ಯದಲ್ಲಿ ಹೇಳಿ ಮುಂದುವರಿಯುತ್ತಾರೆ. ತಂಡದ ಸಂಶೋಧಕರು ವಾದಿಸುವುದಿಲ್ಲವಾದ್ದರಿಂದ ಅವರಿಗೆ ಪ್ರತ್ಯೇಕ ಪರಿಚಯ ಅನಿವಾರ್ಯವಲ್ಲ.

== ಪಾತ್ರದ ಹೆಸರು ಮತ್ತು ಹಂಚಿಕೆ ==

ಈ ಮಾದರಿಯಲ್ಲಿ ಹೆಚ್ಚಾಗಿ ಎಡವುವುದು ಪಕ್ಷದ ಹೆಸರಿನಲ್ಲಿ. ಬೆಳೆಗಾರನು ಕೆಳ ನ್ಯಾಯಾಲಯದಲ್ಲಿ ಪ್ರತಿವಾದಿ, ಇಲ್ಲಿ ಮೇಲ್ಮನವಿದಾರ. ವ್ಯಾಪಾರಿಯು ಅಲ್ಲಿ ವಾದಿ, ಇಲ್ಲಿ ಪ್ರತ್ಯರ್ಜಿದಾರ. ಪರಿಚಯದಲ್ಲಿ ‘ಮೇಲ್ಮನವಿದಾರರ ಪರ’ ಎಂದವರು ವಾದದ ನಡುವೆ ‘ಪ್ರತಿವಾದಿಯ ಪರ’ ಎಂದು ಜಾರಿದರೆ “ನೀವು ಯಾರ ಪರ?” ಎಂಬ ಪ್ರಶ್ನೆ ಪೀಠದಿಂದ ಬರುತ್ತದೆ. ಹಳೆಯ ಹೆಸರು ಬೇಕೇ ಆದಲ್ಲಿ ‘ಮೂಲ ದಾವೆಯಲ್ಲಿ ಪ್ರತಿವಾದಿಯಾಗಿದ್ದ ಮೇಲ್ಮನವಿದಾರರು’ ಎಂದು ಬಿಡಿಸಿ ಹೇಳಬೇಕು.

ಮಾದರಿಯಲ್ಲಿ ‘ಪರ್ಯಾಯವಾಗಿ’ ಎಂಬ ಪದ ಬಂದಿರುವುದಕ್ಕೆ ಕಾರಣವಿದೆ. ಮೊದಲ ವಕೀಲರ ಪ್ರಕಾರ ಕರಾರು ಊರ್ಜಿತವಾಗಿದೆ, ನಷ್ಟ ಖರೀದಿದಾರನದು. ಎರಡನೆಯ ವಾದವಾದರೋ ಕರಾರು ಕಾಯ್ದೆಯ 56ನೆಯ ಕಲಮಿನಂತೆ ಕರಾರು ಶೂನ್ಯವಾಯಿತೆಂದು ಇಟ್ಟುಕೊಂಡು, 65ನೆಯ ಕಲಮಿನ ಮರುಪಾವತಿಯ ಪ್ರಮಾಣವನ್ನು ಕುಗ್ಗಿಸಲು ನೋಡುತ್ತದೆ. ಎರಡೂ ಏಕಕಾಲಕ್ಕೆ ನಿಜವಾಗಲಾರವು. ಆ ಒಂದು ಪದ ಬಿಟ್ಟುಹೋದರೆ ಒಂದೇ ತಂಡದ ಇಬ್ಬರು ಪರಸ್ಪರ ವಿರುದ್ಧ ವಾದಿಸುತ್ತಿರುವಂತೆ ಕಾಣುತ್ತದೆ. ಮೊದಲ ವಕೀಲರಿಗೆ ಮರುಪಾವತಿಯ ಪ್ರಶ್ನೆ ಎದುರಾದಾಗ ಸಂಕ್ಷಿಪ್ತ ಉತ್ತರ ಕೊಟ್ಟು, ವಿವರವನ್ನು ಸಹವಕೀಲರು ನಿವೇದಿಸುವರೆಂದು ಹೇಳಬಹುದು. ಹಂಚಿಕೆಯನ್ನು ಮೊದಲೇ ತಿಳಿಸಿದ್ದರೆ ಮಾತ್ರ ಇದು ನುಣುಚಿಕೊಳ್ಳುವಂತೆ ಕೇಳಿಸುವುದಿಲ್ಲ.

== ಸ್ಪರ್ಧೆಗಳಲ್ಲಿ ==

ಅನೇಕ ಸ್ಪರ್ಧೆಗಳಲ್ಲಿ ತಂಡಗಳನ್ನು ಸಂಕೇತ ಸಂಖ್ಯೆಯಿಂದ ಮಾತ್ರ ಗುರುತಿಸಲಾಗುತ್ತದೆ. ಅಲ್ಲಿ ಕಾಲೇಜಿನ ಹೆಸರನ್ನಾಗಲಿ ಊರನ್ನಾಗಲಿ ಹೇಳಿದರೆ ಅಂಕ ಕಡಿತವಾಗಬಹುದು, ಕೆಲವೆಡೆ ತಂಡವೇ ಅನರ್ಹಗೊಳ್ಳಬಹುದು. “ಕೋಲಾರದಿಂದ ಬಂದಿದ್ದೇವೆ” ಎಂಬ ಸೌಜನ್ಯದ ಮಾತೂ ಅಲ್ಲಿ ನಿಯಮಭಂಗವೇ. ತರಗತಿಯ ಅಭ್ಯಾಸದಲ್ಲಿ ಈ ನಿರ್ಬಂಧವಿರುವುದಿಲ್ಲ. ಹೆಸರನ್ನು ಪಕ್ಷದ ಹೆಸರಿನ ಜೊತೆಯಲ್ಲೇ ಹೇಳುವುದು ರೂಢಿ.