ಹಾಡಿನ ಕೊನೇಲಿ ಸಹಿ ಯಾರದ್ದು? ಅಂಕಿತದ ಕಥೆ

ಹಿಂದಿನ ಪೋಸ್ಟಲ್ಲಿ ಪಲ್ಲವಿ ಆಯ್ತು, ಇವತ್ತು ಹಾಡಿನ ಬಾಲಕ್ಕೆ ಬರೋಣ.

ದಾಸರ ಪದದ ಕೊನೆಯಲ್ಲಿ ‘ಪುರಂದರವಿಠಲ’ ಅಂತ ಬರುತ್ತಲ್ಲ, ಅದೇ ಅಂಕಿತ. ಅದನ್ನು ಕವಿಯ ಹೆಸರು ಅಂದ್ಕೋತೀವಿ. ಆದರೆ ಅದು ದೇವರ ಹೆಸರು. ಕನಕದಾಸರದ್ದು ಕಾಗಿನೆಲೆಯ ಆದಿಕೇಶವ, ಬಸವಣ್ಣನವರದ್ದು ಕೂಡಲಸಂಗಮದೇವ, ಅಕ್ಕನದ್ದು ಚೆನ್ನಮಲ್ಲಿಕಾರ್ಜುನ. ಬರೆದವರು ತಮ್ಮ ದೇವರ ಹೆಸರಿನ ಹಿಂದೆ ನಿಂತರು, ಕೇಳುವವರು ಆ ಹೆಸರಿಂದಲೇ ಅವರನ್ನು ಗುರುತು ಹಿಡಿದರು. (ಅಂಬಿಗರ ಚೌಡಯ್ಯ ಮಾತ್ರ ತನ್ನ ಹೆಸರನ್ನೇ ನೇರ ಹಾಕಿಬಿಟ್ಟ. ನನಗೆ ಆ ಧೈರ್ಯ ಇಷ್ಟ.)

ಬಾಯಿಂದ ಬಾಯಿಗೆ ಹೋಗುವ ಹಾಡಿಗೆ ಇದೇ ಆಧಾರ್ ಕಾರ್ಡು. ಅದಕ್ಕೇ ಇದನ್ನು ಮುಟ್ಟಿದರೆ ಗಲಾಟೆ. ಬಸವಣ್ಣನವರ ವಚನಗಳಲ್ಲಿ ಕೂಡಲಸಂಗಮದೇವನ ಜಾಗಕ್ಕೆ ‘ಲಿಂಗದೇವ’ ಹಾಕಿದ ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಯನ್ನು 1998ರಲ್ಲಿ ರಾಜ್ಯ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಒಂದು ಪದಕ್ಕೆ ಅಷ್ಟು ದೂರ!

ಈಗ ನಿಮ್ಮ ಹಾಡಿಗೆ ಒಂದು ಕಟ್ಟೋಣ. ‘ವಿಠಲ’ ಸೇರಿಸಿಕೊಳ್ಳಬೇಡಿ. ದಾಸ ಪರಂಪರೆಯಲ್ಲಿ ಅದನ್ನು ಗುರು ಕೊಡಬೇಕು. ಕನಕದಾಸರ ದಾರಿ ಸುಲಭ: ಊರಿನ ಗುರುತು, ಜೊತೆಗೆ ಅಲ್ಲಿನ ದೇವರು. ಹೂಳು ತುಂಬಿದ ಕೆರೆ ಬಗ್ಗೆ ಹಾಡು, ಏರಿ ಮೇಲೆ ಹನುಮನ ಗುಡಿ ಇದೆ ಅಂತಿಟ್ಟುಕೊಳ್ಳಿ. ‘ಕೆರೆಯೇರಿಯ ಹನುಮನೇ’ ಅಂದ್ರೆ ಆಯ್ತಲ್ಲ?

ಹಾಡಿ ನೋಡಿ, ಎಡವುತ್ತೆ. ಶಾಲೇಲಿ ಕಲಿತ ಲಘು-ಗುರು ಹಾಕಿ. ಹಾಡು ಐದೈದು ಮಾತ್ರೆಯಲ್ಲಿ ನಡೀತಿದ್ದರೆ ‘ಕೆರೆಯೇರಿಯ’ ಆರಾಯಿತು. ಆ ‘ಯ’ ಬಿಡಿ. ‘ಕೆರೆಯೇರಿ’ ಐದು, ‘ಹನುಮನೇ’ ಐದು. ಎರಡು ಪದ ಬೆಸೆದು ಒಂದೇ ಹೆಸರೂ ಆಯ್ತು.

ಇನ್ನೊಂದು ತಪ್ಪು ಜಾಸ್ತಿ ಕಾಣೋದು: ಹಾಡು ಮುಗಿಸಿ, ಅಂಕಿತವನ್ನು ಸ್ಟಿಕ್ಕರ್ ಥರ ಅಂಟಿಸೋದು. ‘ಹೂಳೆತ್ತಿದರೆ ನೀರು ಬಂದೀತು, ಕೆರೆಯೇರಿ ಹನುಮ’. ಇಲ್ಲಿ ಹನುಮನಿಗೆ ಕೆಲಸವೇ ಇಲ್ಲ. ಅವನ ಬದಲು ಯಾವ ಹೆಸರು ಇಟ್ಟರೂ ನಡೆಯುತ್ತೆ, ತೆಗೆದರೂ ನಡೆಯುತ್ತೆ. ಅವನನ್ನು ಕರೀಬೇಕು, ಬೇಡಬೇಕು, ಬೇಕಾದರೆ ಜಗಳ ಆಡಬೇಕು:

ಹೂಳೆತ್ತಿ ನಮ್ಮೆದೆಯ ನೀರೊರತೆ ತೆರೆಸಯ್ಯ
ಕೆರೆಯೇರಿ ಹನುಮನೇ

ಈಗ ‘ತೆರೆಸಯ್ಯ’ ಅಂದದ್ದು ಯಾರಿಗೆ ಅಂತ ಅಂಕಿತ ಬಂದಾಗಲೇ ಗೊತ್ತಾಗೋದು. ವಾಕ್ಯ ಅಲ್ಲಿಗೆ ತುಂಬುತ್ತೆ. ಮುಂದಿನ ಹಾಡಿಗೂ ಇದೇ ಹೆಸರು ಇಡಿ, ಬದಲಾಯಿಸ್ತಾ ಹೋದರೆ ಸಹಿ ಆಗಲ್ಲ.

ನಿಮ್ಮ ಊರಿನ ಅಂಕಿತ ಏನು? ಕಾಮೆಂಟಲ್ಲಿ ಹಾಕಿ, ಮಾತ್ರೆ ಎಣಿಸೋಣ.