ಸ್ಟಾಫ್ ನೊಟೇಷನ್: ಒಂದು ಸಾಲನ್ನು ಓದುವ ಕ್ರಮ

ಸ್ಟಾಫ್ ನೊಟೇಷನ್ ಎಂಬುದು ಐದು ಸಮಾನಾಂತರ ಅಡ್ಡಗೆರೆಗಳ ಮೇಲೂ ಅವುಗಳ ನಡುವಣ ನಾಲ್ಕು ಎಡೆಗಳಲ್ಲೂ ಗುರುತುಗಳನ್ನಿಟ್ಟು ಸಂಗೀತವನ್ನು ಬರೆಯುವ ಪಾಶ್ಚಾತ್ಯ ಸ್ವರಲಿಪಿ. ಮೈಸೂರು ಅರಮನೆಯು ಕರ್ನಾಟಕ ವಾದ್ಯವೃಂದ ಮತ್ತು ಇಂಗ್ಲಿಷ್ ಬ್ಯಾಂಡ್ ಎರಡನ್ನೂ ಪೋಷಿಸಿದ್ದರಿಂದ ಸ ರಿ ಗ ಮ ಎಂದು ಬರೆಯುವ ಲಿಪಿಯೂ ಐದು ಗೆರೆಗಳ ಲಿಪಿಯೂ ಈ ನಗರದಲ್ಲಿ ಅಕ್ಕಪಕ್ಕದಲ್ಲೇ ಬಳಕೆಯಲ್ಲಿದ್ದವು. ಪಿಯಾನೊ ವಾದಕರಾಗಿ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದ ಜಯಚಾಮರಾಜ ಒಡೆಯರ್, ಮುಂದೆ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿ, ಎರಡು ಪದ್ಧತಿಗಳಲ್ಲೂ ನುರಿತವರಾಗಿದ್ದರು. ಒಂದು ಲಿಪಿಯನ್ನು ಬಲ್ಲವರು ಇನ್ನೊಂದಕ್ಕೆ ಬಂದಾಗ ತೊಡಕಾಗುವುದು ಸ್ವರದ ಹೆಸರಿನಲ್ಲಿ ಅಲ್ಲ, ಕಾಲದ ಲೆಕ್ಕದಲ್ಲಿ. ಆದ್ದರಿಂದ ಇಲ್ಲಿ ಸ್ವರಸ್ಥಾನವನ್ನು ಸಂಕ್ಷೇಪವಾಗಿ ಹೇಳಿ ಕಾಲಮಾನವನ್ನು ವಿಸ್ತರಿಸಲಾಗಿದೆ.

ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸಬೇಕು. ಸಾಲಿನ ಮೊದಲಲ್ಲಿರುವ ಸುರುಳಿಯಂಥ ಟ್ರೆಬಲ್ ಕ್ಲೆಫ್ ಎರಡನೆಯ ಗೆರೆಯನ್ನು ಸುತ್ತಿಕೊಂಡಿದ್ದು, ಆ ಗೆರೆಯ ಸ್ವರ ‘ಜಿ’ ಎಂದು ಗೊತ್ತುಪಡಿಸುತ್ತದೆ. ಅದರ ಮೇಲಿನ ಎಡೆ ‘ಎ’, ನಡುಗೆರೆ ‘ಬಿ’, ಮೂರನೆಯ ಎಡೆ ‘ಸಿ’. ‘ಜಿ’ಯನ್ನು ಷಡ್ಜವಾಗಿ ಇಟ್ಟುಕೊಂಡರೆ ಈ ನಾಲ್ಕೂ ಶಂಕರಾಭರಣದ ಸ ರಿ ಗ ಮ ಆಗುತ್ತವೆ. ಸ್ವರ ಎಷ್ಟು ಎತ್ತರದ್ದು ಎಂಬುದನ್ನು ಗುರುತಿನ ಸ್ಥಾನ ಹೇಳಿದರೆ, ಅದು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಗುರುತಿನ ಆಕಾರ ಹೇಳುತ್ತದೆ.

ಆಕಾರಗಳು ಒಂದಕ್ಕೊಂದು ಅರ್ಧದ ಪ್ರಮಾಣದಲ್ಲಿ ಇಳಿಯುತ್ತವೆ. ಕಡ್ಡಿಯಿಲ್ಲದ ಟೊಳ್ಳು ಅಂಡಾಕಾರ ಸೆಮಿಬ್ರೀವ್. ಟೊಳ್ಳು ತಲೆಗೆ ಕಡ್ಡಿ ಸೇರಿದರೆ ಅದರ ಅರ್ಧವಾದ ಮಿನಿಮ್. ತಲೆ ಕಪ್ಪಾದರೆ ಮಿನಿಮಿನ ಅರ್ಧವಾದ ಕ್ರಾಚೆಟ್. ಕಡ್ಡಿಗೆ ಬಾಲ ಬಂದರೆ ಕ್ರಾಚೆಟ್ಟಿನ ಅರ್ಧವಾದ ಕ್ವೇವರ್. ಕ್ರಾಚೆಟ್ಟನ್ನು ಒಂದು ಎಣಿಕೆಯೆಂದು ಹಿಡಿದರೆ ಇವು ಕ್ರಮವಾಗಿ ನಾಲ್ಕು, ಎರಡು, ಒಂದು ಮತ್ತು ಅರ್ಧ ಎಣಿಕೆಗಳಾಗುತ್ತವೆ. ಪಕ್ಕಪಕ್ಕದ ಕ್ವೇವರುಗಳ ಬಾಲಗಳನ್ನು ಸಾಮಾನ್ಯವಾಗಿ ಒಂದೇ ದಪ್ಪ ಪಟ್ಟಿಯಾಗಿ ಜೋಡಿಸಿ ಬರೆಯುವುದರಿಂದ, ಯಾವುವು ಒಂದೇ ಎಣಿಕೆಯೊಳಗೆ ಬರುತ್ತವೆ ಎಂಬುದು ಕಣ್ಣಿಗೇ ತಿಳಿಯುತ್ತದೆ. ಗುರುತಿನ ಬಲಕ್ಕೆ ಇಟ್ಟ ಚುಕ್ಕೆ ಅದರ ಕಾಲವನ್ನು ಇನ್ನರ್ಧದಷ್ಟು ಹೆಚ್ಚಿಸುತ್ತದೆ. ನಮ್ಮ ಸ್ವರಲಿಪಿಯಲ್ಲಿ ಮೇಲೆ ಇಟ್ಟ ಚುಕ್ಕೆ ತಾರಸ್ಥಾಯಿಯನ್ನೂ ಕೆಳಗಿಟ್ಟದ್ದು ಮಂದ್ರಸ್ಥಾಯಿಯನ್ನೂ ಸೂಚಿಸುತ್ತದೆ. ಸ್ಟಾಫಿನಲ್ಲಿ ಚುಕ್ಕೆಗೆ ಸ್ಥಾಯಿಯ ಸಂಬಂಧವಿಲ್ಲ, ತಲೆಯ ಮೇಲೋ ಕೆಳಗೋ ಬಂದರೆ ಸ್ವರವನ್ನು ಮೊಟಕಾಗಿ ನುಡಿಸಬೇಕೆಂದಷ್ಟೇ ಅರ್ಥ.

ನುಡಿಸದೆ ಬಿಡುವ ಕಾಲಕ್ಕೂ ಇಷ್ಟೇ ಖಚಿತವಾದ ಗುರುತುಗಳಿದ್ದು, ಅವುಗಳಿಗೆ ರೆಸ್ಟ್ ಎಂದು ಹೆಸರು. ನಾಲ್ಕನೆಯ ಗೆರೆಯಿಂದ ಕೆಳಕ್ಕೆ ತೂಗುವ ಕಪ್ಪು ತುಂಡು ಸೆಮಿಬ್ರೀವ್ ರೆಸ್ಟ್, ನಡುಗೆರೆಯ ಮೇಲೆ ಕೂತ ಅಂಥದೇ ತುಂಡು ಮಿನಿಮ್ ರೆಸ್ಟ್, ಅಂಕುಡೊಂಕಾದ ನಿಂತ ಗೀಟು ಕ್ರಾಚೆಟ್ ರೆಸ್ಟ್, ಓರೆಗೀಟಿನ ತುದಿಯಲ್ಲಿ ಎಡಕ್ಕೆ ಒಂದು ಬೊಟ್ಟಿರುವುದು ಕ್ವೇವರ್ ರೆಸ್ಟ್. ಕರ್ನಾಟಕ ಸಂಗೀತ ಕಲಿತವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ನಮ್ಮ ಪುಸ್ತಕಗಳಲ್ಲಿ ಸ್ವರದ ಮುಂದಿನ ಅಲ್ಪವಿರಾಮದ ಗುರುತು ಸಾಮಾನ್ಯವಾಗಿ ಒಂದು ಅಕ್ಷರಕಾಲದ ಕಾರ್ವೆ. ಹಿಂದಿನ ಸ್ವರ ಅದರುದ್ದಕ್ಕೂ ಮುಂದುವರಿಯುತ್ತದೆ. ರೆಸ್ಟ್ ಹಾಗಲ್ಲ. ಅಲ್ಲಿ ನಾದ ನಿಲ್ಲಬೇಕು: ಪಿಟೀಲಿನಲ್ಲಿ ಕಮಾನು ನಿಲ್ಲಬೇಕು, ಕ್ಲಾರಿನೆಟ್‌ನಲ್ಲಿ ಉಸಿರು ನಿಲ್ಲಬೇಕು. ಒಬ್ಬರೇ ನುಡಿಸುವಾಗ ಈ ವ್ಯತ್ಯಾಸ ಸಣ್ಣದೆನಿಸಬಹುದು. ಬ್ಯಾಂಡಿನಲ್ಲಿ ಒಂದು ವಾದ್ಯದ ರೆಸ್ಟಿನ ಜಾಗದಲ್ಲಿ ಮತ್ತೊಂದು ವಾದ್ಯದ ಉತ್ತರ ಬರುವುದುಂಟಾದ್ದರಿಂದ, ಸ್ವರವನ್ನು ಎಳೆದವರು ಇನ್ನೊಬ್ಬರ ಮಾತನ್ನು ಮುಚ್ಚಿಬಿಡುತ್ತಾರೆ.

ಸಾಲನ್ನು ಅಡ್ಡಗಡಿದು ನಿಂತ ಗೆರೆಗಳ ನಡುವಣ ಭಾಗಕ್ಕೆ ಬಾರ್ ಎಂದು ಹೆಸರು. ಸಾಲಿನ ಆರಂಭದಲ್ಲಿ ಒಂದರ ಮೇಲೊಂದು ಬರೆದ ಎರಡು ಅಂಕಿಗಳು ಟೈಮ್ ಸಿಗ್ನೇಚರ್; ಸರಳ ಗತಿಗಳಲ್ಲಿ ಮೇಲಿನದು ಒಂದು ಬಾರಿನಲ್ಲಿ ಎಷ್ಟು ಎಣಿಕೆ ಎಂಬುದನ್ನೂ, ಕೆಳಗಿನದು ಯಾವ ಗುರುತನ್ನು ಒಂದು ಎಣಿಕೆಯೆಂದು ಹಿಡಿಯಬೇಕೆಂಬುದನ್ನೂ ಹೇಳುತ್ತದೆ. ಕೆಳಗಿನ 4 ಎಂದರೆ ಸೆಮಿಬ್ರೀವಿನ ನಾಲ್ಕನೆಯ ಒಂದು ಪಾಲು, ಅಂದರೆ ಕ್ರಾಚೆಟ್. 8 ಎಂದರೆ ಕ್ವೇವರ್. ಎಣಿಕೆಯ ವೇಗ ಈ ಅಂಕಿಗಳಲ್ಲಿ ಇರುವುದಿಲ್ಲ, ಅದನ್ನು ಸಾಲಿನ ಮೇಲೆ ಪ್ರತ್ಯೇಕವಾಗಿ ಸೂಚಿಸುತ್ತಾರೆ.

ಉದಾಹರಣೆಗೆ 4/4ರಲ್ಲಿ ನಾಲ್ಕು ಬಾರುಗಳ ಒಂದು ಸಾಲನ್ನು ತೆಗೆದುಕೊಳ್ಳಬಹುದು. ಮೊದಲ ಬಾರಿನಲ್ಲಿ ‘ಜಿ’ ಕ್ರಾಚೆಟ್, ಪಟ್ಟಿಯಿಂದ ಜೋಡಿಸಿದ ‘ಜಿ’ ಮತ್ತು ‘ಎ’ ಕ್ವೇವರುಗಳು, ‘ಬಿ’ ಕ್ರಾಚೆಟ್, ಕೊನೆಗೆ ಕ್ರಾಚೆಟ್ ರೆಸ್ಟ್ ಇವೆ. ಇದನ್ನು ಸ, ಸರಿ, ಗ ಎಂದು ಮೂರು ಎಣಿಕೆಗಳಲ್ಲಿ ಹಾಡಿ ನಾಲ್ಕನೆಯದರಲ್ಲಿ ಸುಮ್ಮನಿರಬೇಕು. ಎರಡನೆಯ ಬಾರಿನಲ್ಲಿ ಚುಕ್ಕೆಯುಳ್ಳ ‘ಸಿ’ ಕ್ರಾಚೆಟ್, ‘ಬಿ’ ಕ್ವೇವರ್, ‘ಎ’ ಮಿನಿಮ್. ಚುಕ್ಕೆಯಿಂದಾಗಿ ‘ಸಿ’ ಒಂದೂವರೆ ಎಣಿಕೆ ನಿಲ್ಲುವುದರಿಂದ ‘ಬಿ’ ಎರಡನೆಯ ಎಣಿಕೆಯ ಮೇಲೆ ಬರದೆ, ಅದರ ಉತ್ತರಾರ್ಧದಲ್ಲಿ ಬರುತ್ತದೆ. ಕಲಿಯುವವರು ಪ್ರತಿ ಎಣಿಕೆಯನ್ನೂ ‘ಒಂದು-ಮತ್ತು, ಎರಡು-ಮತ್ತು’ ಎಂದು ಒಡೆದು ಹೇಳಿಕೊಂಡರೆ, ‘ಎರಡು’ ಎಂಬಲ್ಲಿ ‘ಸಿ’ ಇನ್ನೂ ನಿಂತಿರುವುದೂ ಅದರ ‘ಮತ್ತು’ವಿನಲ್ಲಿ ‘ಬಿ’ ಹುಟ್ಟುವುದೂ ಸ್ಪಷ್ಟವಾಗುತ್ತದೆ. ‘ಎ’ ಸ್ವರವು ಸರಿಯಾಗಿ ‘ಮೂರು’ ಎಂಬುದರ ಮೇಲೆ ಬೀಳದಿದ್ದರೆ ಚುಕ್ಕೆಯ ಲೆಕ್ಕ ತಪ್ಪಿದೆಯೆಂದೇ ತಿಳಿಯಬೇಕು.

ಮೂರನೆಯ ಬಾರು ಕ್ವೇವರ್ ರೆಸ್ಟಿನಿಂದ ಆರಂಭವಾಗಿ, ‘ಜಿ’, ‘ಎ’, ‘ಬಿ’ ಕ್ವೇವರುಗಳೂ ‘ಸಿ’ ಮಿನಿಮೂ ಅದನ್ನು ಅನುಸರಿಸುತ್ತವೆ. ಎಣಿಕೆ ಬಿದ್ದ ಅರ್ಧಕ್ಕೆ ಸ್ವರವೆತ್ತುವ ಈ ಕ್ರಮ, ತಾಳ ಮೊದಲಾಗಿ ಹಾಡು ಆಮೇಲೆ ಎತ್ತಿಕೊಳ್ಳುವ ಅನಾಗತ ಎಡುಪನ್ನು ಬಲ್ಲವರಿಗೆ ಹೊಸದಲ್ಲ. ರೆಸ್ಟ್ ಮತ್ತು ‘ಜಿ’ ಸೇರಿ ಮೊದಲ ಎಣಿಕೆ ತುಂಬುವುದರಿಂದ, ಪಟ್ಟಿ ‘ಎ’ ಮತ್ತು ‘ಬಿ’ಗಳನ್ನು ಮಾತ್ರ ಜೋಡಿಸಿ ಎರಡನೆಯ ಎಣಿಕೆಯನ್ನು ತೋರಿಸುತ್ತದೆ. ಕೊನೆಯ ಬಾರಿನಲ್ಲಿ ಚುಕ್ಕೆಯುಳ್ಳ ‘ಜಿ’ ಮಿನಿಮ್ ಮೂರು ಎಣಿಕೆ ನಿಂತು, ಉಳಿದ ಒಂದಕ್ಕೆ ಕ್ರಾಚೆಟ್ ರೆಸ್ಟ್ ಬರುತ್ತದೆ. ‘ಜಿ’ ಗೆರೆಯ ಮೇಲಿರುವುದರಿಂದ ಚುಕ್ಕೆ ಗೆರೆಯಲ್ಲಿ ಮರೆಯಾಗದಂತೆ ಅದನ್ನು ಮೇಲಿನ ಎಡೆಯಲ್ಲಿ ಇಡುತ್ತಾರೆ. ಅದನ್ನು ಬೇರೊಂದು ಸ್ವರದ ಗುರುತೆಂದು ಭಾವಿಸಬಾರದು. ಒಟ್ಟು ಹದಿನಾರು ಎಣಿಕೆಗಳಾದ್ದರಿಂದ, ಎಣಿಕೆಗೊಂದು ಅಕ್ಷರದಂತೆ ಕೈಯಲ್ಲಿ ಆದಿತಾಳ ಹಾಕಿದರೆ ಈ ಸಾಲು ಎರಡು ಆವರ್ತಗಳಲ್ಲಿ ಮುಗಿಯುತ್ತದೆ. ಮೇಲೆ ಕ್ರಾಚೆಟ್ ಗುರುತಿನ ಎದುರು 60 ಎಂದು ಬರೆದಿದ್ದರೆ ನಿಮಿಷಕ್ಕೆ ಅರವತ್ತು ಎಣಿಕೆಗಳಾಗಿ, ಇಡೀ ಸಾಲಿಗೆ ಹದಿನಾರು ಸೆಕೆಂಡುಗಳು ಹಿಡಿಯುತ್ತವೆ.

ಎಣಿಕೆಯ ಮೊತ್ತ ಸರಿಯಿದ್ದರೂ ಓದು ತಪ್ಪಾಗುವ ಒಂದು ಸಂದರ್ಭವಿದೆ. 3/4 ಮತ್ತು 6/8 ಎರಡರ ಬಾರಿನಲ್ಲೂ ಆರು ಕ್ವೇವರುಗಳಷ್ಟೇ ಕಾಲವಿದೆ. 3/4ರಲ್ಲಿ ಅವು ಎರಡೆರಡರಂತೆ ಮೂರು ಎಣಿಕೆಗಳಾಗಿ, ಮೂರು ಪೆಟ್ಟಿನ ರೂಪಕ ತಾಳದಂತೆ ನಡೆಯುತ್ತವೆ. 6/8ರಲ್ಲಿ ಮೂರುಮೂರರಂತೆ ಎರಡು ಗುಂಪಾಗಿ, ತಿಶ್ರ ನಡೆಯ ಎರಡು ಪೆಟ್ಟುಗಳಾಗುತ್ತವೆ, ಆಗ ಒಂದು ಪೆಟ್ಟಿಗೆ ಸಮನಾದ ಗುರುತು ಚುಕ್ಕೆಯುಳ್ಳ ಕ್ರಾಚೆಟ್. ಎಡ-ಬಲ ಹೆಜ್ಜೆಗೆ ಎರಡರ ಗತಿ ಹೊಂದುವುದರಿಂದ ಬ್ಯಾಂಡಿನ ಮಾರ್ಚ್‌ಗಳನ್ನು 2/4ರಲ್ಲಿ ಬರೆಯುವಂತೆ 6/8ರಲ್ಲೂ ಬರೆಯುವುದು ರೂಢಿ. ಅಂಥ ಸಾಲನ್ನು ಮೂರಾಗಿ ಎಣಿಸಿದವರು ಒಂದು ಸ್ವರವನ್ನೂ ತಪ್ಪದೆ ನುಡಿಸಿದರೂ ಒತ್ತು ತಪ್ಪಿದ ಜಾಗದಲ್ಲಿ ಬಿದ್ದು, ಒಂದೊಂದು ಬಾರಿನ ಮೊದಲ ಪೆಟ್ಟು ಒಂದೊಂದು ಕಾಲಿಗೆ ಬರುತ್ತದೆ. ನಡೆಯುತ್ತಾ ನುಡಿಸಿ ನೋಡಿದರೆ ತಪ್ಪು ಎರಡನೆಯ ಬಾರಿನಲ್ಲೇ ಬಯಲಾಗುತ್ತದೆ.